ಇನ್ಸುಲಿನ್ ಪೆನ್ನು: ಮೊದಲು ಎರಡು ಯೂನಿಟ್ ಗಾಳಿಗೆ, ಕೊನೆಗೆ ಹತ್ತರ ಎಣಿಕೆ

ಹಾಸನದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ನರ್ಸ್. ಶುಗರ್ ಇರುವವರಿಗೆ ಇನ್ಸುಲಿನ್ ಹಾಕಿಕೊಳ್ಳುವುದನ್ನು ಹೇಳಿಕೊಡುವುದು ನನ್ನ ಕೆಲಸದ ಒಂದು ಭಾಗ. ಒಂದು ದಿನ ಅರವತ್ತೈದು ದಾಟಿದ ಒಬ್ಬರು ಅಮ್ಮ ಮಗನ ಜೊತೆ ಬಂದರು. ಎಂಟು ತಿಂಗಳಿಂದ ಪೆನ್ನಿನಲ್ಲಿ 30/70 ಅನ್ನುವ ಮಿಶ್ರ ಇನ್ಸುಲಿನ್ ಹಾಕಿಕೊಳ್ಳುತ್ತಿದ್ದಾರೆ. ಶುರುವಿನಲ್ಲಿ ಬೆಳಗ್ಗೆ 12, ರಾತ್ರಿ 8 ಯೂನಿಟ್ ಇತ್ತು. ಶುಗರ್ ಇಳಿಯಲಿಲ್ಲ ಅಂತ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಈಗ ಬೆಳಗ್ಗೆ 16, ರಾತ್ರಿ 10 ಆಗಿದೆ. ಆದರೂ ಖಾಲಿ ಹೊಟ್ಟೆಯ ಶುಗರ್ ಒಂದು ದಿನ 140, ಮರುದಿನ 230. ಊಟದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ.

"ಇನ್ಸುಲಿನ್ನೇ ಸರಿ ಇಲ್ವೇನೋ ಸಿಸ್ಟರ್, ಬೇರೆ ಕಂಪನಿದು ಬರೆಸಿಕೊಡಿ" ಅಂದರು ಮಗ.

ನಾನು ಪೆನ್ನು ತೋರಿಸಿ ಅಂದೆ. ಅಮ್ಮ ಚೀಲದಿಂದ ತೆಗೆದರು. ಸೂಜಿ ಪೆನ್ನಿನಲ್ಲೇ ಇತ್ತು. ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಕೊಳವೆಯೊಳಗೆ ಸೂಜಿಯ ಕಡೆಗೆ ಒಂದು ಗಾಳಿಗುಳ್ಳೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದು. "ದಿನಾ ಹೇಗೆ ಹಾಕ್ಕೋತೀರೋ ಹಾಗೇ ಹಾಕಿ ತೋರಿಸಿ ಅಮ್ಮಾ" ಅಂತ ಅಭ್ಯಾಸಕ್ಕೆ ಇಟ್ಟಿರುವ ಸ್ಪಂಜಿನ ಮೆತ್ತೆ ಕೊಟ್ಟೆ. ಅವರು ಮುಚ್ಚಳ ತೆಗೆದು, 10 ತಿರುಗಿಸಿ, ಚುಚ್ಚಿ, ಗುಂಡಿ ಒತ್ತಿ, ಟಕ್ಕನೆ ಎಳೆದುಬಿಟ್ಟರು. ಎಲ್ಲ ಮುಗಿಯಲು ಮೂರು ಸೆಕೆಂಡೂ ಹಿಡಿಯಲಿಲ್ಲ. ಸೂಜಿಯ ತುದಿಯಲ್ಲಿ ಒಂದು ಹನಿ ಮೂಡಿತು, ದಪ್ಪವಾಯಿತು, ಮೇಜಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು ಇಣುಕಿತು.

ಪೆನ್ನಿನ ಕಿಟಕಿಯಲ್ಲಿ ಮಾತ್ರ ಸೊನ್ನೆ ಇತ್ತು. ಅಂದರೆ ಪೆನ್ನಿನ ಲೆಕ್ಕದಲ್ಲಿ ಹತ್ತೂ ಯೂನಿಟ್ ಹೋಗಿದೆ.

ತೊಡಕು ಇಲ್ಲೇ ಇರುವುದು. ಕಿಟಕಿಯಲ್ಲಿ ಓಡುವ ಅಂಕಿ ಮೈಯೊಳಗೆ ಎಷ್ಟು ಇನ್ಸುಲಿನ್ ಹೋಯಿತು ಅಂತ ಅಳೆಯುವುದಿಲ್ಲ. ಪೆನ್ನಿನೊಳಗೆ ಒಂದು ತಿರುಪಿನ ಕಡ್ಡಿ ಇದೆ. ನೀವು 10 ತಿರುಗಿಸಿ ಒತ್ತಿದರೆ ಆ ಕಡ್ಡಿ ಹತ್ತು ಯೂನಿಟ್‌ಗೆ ಬೇಕಾದಷ್ಟು ದೂರ ಮುಂದೆ ಹೋಗುತ್ತದೆ. ಕಡ್ಡಿಯ ಮುಂದೆ ರಬ್ಬರ್ ಬಿರಡೆ, ಅದರ ಮುಂದೆ ಇನ್ಸುಲಿನ್, ಆಮೇಲೆ ಸೂಜಿ, ಕೊನೆಗೆ ನಿಮ್ಮ ಚರ್ಮ. ಪೆನ್ನಿಗೆ ಗೊತ್ತಿರುವುದು ಕಡ್ಡಿ ಎಷ್ಟು ಹೋಯಿತು ಅನ್ನುವುದಷ್ಟೇ. ಮುಂದಿನ ದಾರಿಯಲ್ಲಿ ಏನಾಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಚುಚ್ಚುವ ಮೊದಲು ಎರಡು ಯೂನಿಟ್ ಗಾಳಿಗೆ ಬಿಡುವುದು, ಚುಚ್ಚಿದ ಮೇಲೆ ಹತ್ತು ಎಣಿಸುವುದು, ಇವೆರಡೂ ಆ ದಾರಿಯನ್ನು ನಾವೇ ಕಾಯುವ ಕೆಲಸ.

ಮೊದಲನೆಯದನ್ನು ನೋಡೋಣ. ಡಾಕ್ಟರುಗಳು ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ನಾನು ರೋಗಿಗಳಿಗೆ "ಹನಿ ನೋಡೋದು" ಅಂತ ಹೇಳುತ್ತೇನೆ, ಯಾಕಂದ್ರೆ ಮಾಡಬೇಕಾದ್ದೂ ಅದೇ.

ಪೆನ್ನಿನ ಒಂದು ರೀಫಿಲ್‌ನಲ್ಲಿ ಸಾಮಾನ್ಯವಾಗಿ 3 ಎಂ.ಎಲ್. ಇನ್ಸುಲಿನ್ ಇರುತ್ತದೆ, ಒಂದು ಎಂ.ಎಲ್.ಗೆ 100 ಯೂನಿಟ್. ಒಟ್ಟು 300. ಹಾಗಾದರೆ ಒಂದು ಯೂನಿಟ್ ಅಂದರೆ ಎಂ.ಎಲ್.ನ ನೂರನೇ ಒಂದು ಭಾಗ. ಕಣ್ಣಿಗೆ ಔಷಧಿ ಬಿಡುತ್ತೇವಲ್ಲ, ಅಂಥ ಒಂದು ಹನಿಯಲ್ಲಿ ಹೆಚ್ಚುಕಡಿಮೆ ಐದು ಯೂನಿಟ್‌ನಷ್ಟು ದ್ರವ ಇರುತ್ತದೆ. ಇದನ್ನು ಕೇಳಿದ ಮೇಲೆ "ಒಂದು ಹನಿ ತಾನೇ, ಹೋದರೆ ಹೋಗಲಿ" ಅನ್ನಲು ಮನಸ್ಸು ಬರುವುದಿಲ್ಲ. ಸೂಜಿ ತುದಿಯ ಹನಿ ಅದಕ್ಕಿಂತ ತುಂಬ ಚಿಕ್ಕದು, ನಿಜ. ಆದರೂ ಅದು ಒಂದು ಯೂನಿಟ್ ಇರಬಹುದು, ಒಂದೂವರೆ ಇರಬಹುದು. ರಾತ್ರಿ 10 ಯೂನಿಟ್ ಹಾಕುವವರಿಗೆ ಅಂಥ ಎರಡು ಹನಿ ಹೋದರೆ ಡೋಸಿನ ಐದರಲ್ಲಿ ಒಂದು ಭಾಗ ಮೇಜಿನ ಪಾಲು.

ಗಾಳಿ ಒಳಗೆ ಬರುವುದು ಹೇಗೆ? ಹೊಸ ಸೂಜಿಯ ಕೊಳವೆಯಲ್ಲಿ ಇರುವುದೇ ಗಾಳಿ. ಹೊಸ ರೀಫಿಲ್ ಹಾಕಿದಾಗ ತಿರುಪಿನ ಕಡ್ಡಿಗೂ ರಬ್ಬರ್ ಬಿರಡೆಗೂ ನಡುವೆ ಸಣ್ಣ ಸಂದು ಉಳಿಯಬಹುದು. ಆಗ ಒತ್ತಿದರೆ ಕಡ್ಡಿ ಆ ಸಂದನ್ನು ದಾಟುವುದರಲ್ಲೇ ಒಂದಷ್ಟು ಯೂನಿಟ್ ಕಳೆಯುತ್ತದೆ. ಅಂಕಿ ಓಡುತ್ತದೆ, ಇನ್ಸುಲಿನ್ ಮಾತ್ರ ಬರುವುದಿಲ್ಲ.

ಮೂರನೆಯ ಕಾರಣ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಸೂಜಿಯನ್ನು ಪೆನ್ನಿನಲ್ಲೇ ಬಿಡುವುದು. ಪೆನ್ನಿನ ಸೂಜಿಗೆ ಎರಡು ತುದಿ. ಒಂದು ನಮಗೆ ಚುಚ್ಚುವುದು, ಇನ್ನೊಂದು ಒಳಗಿನ ರಬ್ಬರನ್ನು ತೂರಿ ಇನ್ಸುಲಿನ್‌ವರೆಗೆ ಹೋಗುವುದು. ಸೂಜಿ ಸಿಕ್ಕಿಸಿಯೇ ಇದ್ದರೆ ರೀಫಿಲ್‌ಗೂ ಹೊರಗಿನ ಗಾಳಿಗೂ ನಡುವೆ ಬಾಗಿಲು ತೆರೆದಿಟ್ಟ ಹಾಗೆ. ನಮ್ಮ ಅಮ್ಮ ಹಾಗೆ ಸೂಜಿಸಮೇತ ಪೆನ್ನನ್ನು ಫ್ರಿಜ್‌ನಲ್ಲಿ ಇಡುತ್ತಿದ್ದರು. ತಣ್ಣಗಾದಾಗ ಒಳಗಿನ ದ್ರವ ಚೂರು ಕುಗ್ಗುತ್ತದೆ, ಸೂಜಿಯ ಮೂಲಕ ಗಾಳಿ ಒಳಗೆ ಸೇರುತ್ತದೆ. ಹೊರಗೆ ತೆಗೆದು ಬೆಚ್ಚಗಾದಾಗ ಹಿಗ್ಗುತ್ತದೆ, ಆಗ ಮುಚ್ಚಳದೊಳಗೆ ಇನ್ಸುಲಿನ್ ಜಿನುಗುತ್ತದೆ. ದಿನಕ್ಕೆರಡು ಸಲ ಹೀಗೆ. ವಾರದಲ್ಲಿ ಸಾಸಿವೆಯಷ್ಟು ಗುಳ್ಳೆ ಆಗಲು ಬೇರೇನೂ ಬೇಕಿಲ್ಲ. ಈಗಾಗಲೇ ಬಳಸಲು ಶುರು ಮಾಡಿದ ಪೆನ್ನನ್ನು ಫ್ರಿಜ್‌ನಲ್ಲಿ ಇಡುವುದೇ ಬೇಡ ಅಂತ ಬಹಳಷ್ಟು ಪೆನ್ನುಗಳ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ 30 ಡಿಗ್ರಿಗಿಂತ ಕೆಳಗೆ, ಬಿಸಿಲು ಬೀಳದ ಜಾಗ ಸಾಕು. ಹಾಸನದಲ್ಲಿ ಇದು ಸುಲಭ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಅಷ್ಟು ತಂಪು ಜಾಗ ಮನೆಯಲ್ಲಿ ಸಿಗುವುದು ಕಷ್ಟ, ಅಲ್ಲಿನವರು ಡಾಕ್ಟರನ್ನೇ ಕೇಳಿಕೊಳ್ಳಬೇಕು. ಎಲ್ಲಿಟ್ಟರೂ ಸೂಜಿ ತೆಗೆದೇ ಇಡಬೇಕು.

ಗಾಳಿಯ ಬಗ್ಗೆ ಜನಕ್ಕೆ ಒಂದು ಭಯ ಇದೆ. ಗುಳ್ಳೆ ಒಳಗೆ ಹೋದರೆ ಹೃದಯಕ್ಕೆ ಏನಾದರೂ ಆಗುತ್ತದೆ ಅಂತ. ಇದು ರಕ್ತನಾಳಕ್ಕೆ ಹಾಕುವ ಡ್ರಿಪ್ಪಿನ ಮಾತು. ಇನ್ಸುಲಿನ್ ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ. ಅಲ್ಲಿ ಈ ಚೂರು ಗಾಳಿಯಿಂದ ಅಪಾಯವಿಲ್ಲ. ತೊಂದರೆ ಏನೆಂದರೆ ಗಾಳಿ ಹೋದಷ್ಟು ಜಾಗದಲ್ಲಿ ಇನ್ಸುಲಿನ್ ಹೋಗಲಿಲ್ಲ. ಮೂರು ಯೂನಿಟ್‌ನಷ್ಟು ಗಾಳಿ ಮೊದಲು ನುಗ್ಗಿದರೆ ಹತ್ತರಲ್ಲಿ ಏಳೇ ಸಿಕ್ಕಿತು. ನಾಳೆ ಗುಳ್ಳೆ ಬೇರೆ ಕಡೆ ಸರಿದಿದ್ದರೆ ಹತ್ತೂ ಸಿಕ್ಕಿತು. 140ಕ್ಕೂ 230ಕ್ಕೂ ನಡುವಿನ ಜೋಕಾಲಿಯಲ್ಲಿ ಇದರ ಪಾಲೂ ಇರುತ್ತದೆ.

ಹಾಗಾಗಿ ಅಮ್ಮನಿಗೆ ಮೊದಲಿಂದ ಮಾಡಿ ತೋರಿಸಿದೆ. 30/70 ಬೆಳ್ಳಗಿನ ಇನ್ಸುಲಿನ್, ಹಾಲಿನ ಹಾಗೆ ಒಂದೇ ಸಮ ಆಗುವವರೆಗೆ ಪೆನ್ನನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಬೇಕು. ಜೋರಾಗಿ ಕುಲುಕಿದರೆ ನೊರೆ, ನೊರೆಯೆಂದರೆ ಮತ್ತೆ ಗಾಳಿ. ಆಮೇಲೆ ಹೊಸ ಸೂಜಿ ನೆಟ್ಟಗೆ ಕೂರಿಸಿ ತಿರುಗಿಸುವುದು. ಹೊರಗಿನ ದೊಡ್ಡ ಮುಚ್ಚಳ ತೆಗೆದು ಪಕ್ಕದಲ್ಲಿಡುವುದು, ಒಳಗಿನ ಸಣ್ಣ ಮುಚ್ಚಳ ತೆಗೆದು ಬಿಸಾಡುವುದು. 2 ತಿರುಗಿಸುವುದು. ಸೂಜಿ ಆಕಾಶ ನೋಡುವ ಹಾಗೆ ಪೆನ್ನನ್ನು ನೆಟ್ಟಗೆ ಹಿಡಿದು, ರೀಫಿಲ್ ಇರುವ ಕಡೆ ಬೆರಳಿನಿಂದ ಎರಡು ಮೂರು ಸಲ ತಟ್ಟುವುದು. ಗುಳ್ಳೆ ಮೇಲೆ ಬಂದು ಸೂಜಿಯ ಬುಡದಲ್ಲಿ ಸೇರುತ್ತದೆ. ಈಗ ಗುಂಡಿಯನ್ನು ಕೊನೆವರೆಗೆ ಒತ್ತುವುದು.

ತುದಿಯಲ್ಲಿ ಹನಿ ಕಂಡಿತೇ? ದಾರಿ ತೆರೆದಿದೆ. ಕಾಣಲಿಲ್ಲವೇ? ಮತ್ತೆ 2 ತಿರುಗಿಸಿ ಮತ್ತೆ ಒತ್ತುವುದು.

ಸೂಜಿ ಮೇಲಕ್ಕೆ ಇರಬೇಕು ಅನ್ನುವುದು ಸುಮ್ನೆ ಶಾಸ್ತ್ರಕ್ಕಲ್ಲ. ಕೆಳಗೆ ಮಾಡಿ ಒತ್ತಿದರೂ ಹನಿ ಬರುತ್ತದೆ, ನಾವು ಖುಷಿಪಡುತ್ತೇವೆ. ಆದರೆ ಗಾಳಿ ಮೇಲಿನ ತುದಿಯಲ್ಲಿ, ಬಿರಡೆಯ ಹತ್ತಿರ ಹಾಗೇ ಕೂತಿರುತ್ತದೆ. ಆ ಅಮ್ಮನ ಪೆನ್ನಿನಲ್ಲಿ ಮೊದಲನೆಯ ಸಲ ಒತ್ತಿದಾಗ ಏನೂ ಬರಲಿಲ್ಲ. ಎರಡನೆಯ ಸಲಕ್ಕೆ ಪುಸಕ್ ಅಂತ ಸಣ್ಣ ನೊರೆ. ಮೂರನೆಯದಕ್ಕೆ ಹನಿ. ಅಂದರೆ ಆ ರಾತ್ರಿ ನಾವು ನೋಡದೇ ಇದ್ದಿದ್ದರೆ ಹತ್ತರಲ್ಲಿ ಸುಮಾರು ನಾಲ್ಕು ಯೂನಿಟ್ ಗಾಳಿಯೇ ಹೋಗುತ್ತಿತ್ತು. ಹನಿ ಬಂದ ಮೇಲೂ ರೀಫಿಲ್‌ನಲ್ಲಿ ರವೆಯಷ್ಟು ಸಣ್ಣ ಗುಳ್ಳೆಗಳು ಉಳಿದರೆ ಚಿಂತೆಯಿಲ್ಲ, ಅವನ್ನು ಓಡಿಸಲು ಹೋಗಿ ಇನ್ಸುಲಿನ್ ಖರ್ಚು ಮಾಡಬೇಡಿ.

ಹೊಸ ರೀಫಿಲ್ ಹಾಕಿದ ದಿನ ನಾಲ್ಕೈದು ಸಲ ಒತ್ತಬೇಕಾಗಿ ಬರಬಹುದು, ಅದು ಆ ಸಂದು ಮುಚ್ಚುವ ಲೆಕ್ಕ. ನಡುವಿನ ದಿನಗಳಲ್ಲಿ ಮೂರು ಸಲಕ್ಕೂ ಹನಿ ಬರದಿದ್ದರೆ ಸೂಜಿ ಬದಲಿಸಿ. ಓರೆಯಾಗಿ ಸಿಕ್ಕಿಸಿದಾಗ ಹಿಂಬದಿಯ ತುದಿ ಬಾಗಿ ರಬ್ಬರನ್ನು ತೂರದೇ ಇರುವುದುಂಟು, ಹಳೆ ಸೂಜಿಯಲ್ಲಿ ಇನ್ಸುಲಿನ್ ಒಣಗಿ ಕಟ್ಟಿಕೊಂಡಿರುವುದೂ ಉಂಟು. ಒಳಗಿನ ಸಣ್ಣ ಮುಚ್ಚಳ ತೆಗೆಯುವುದನ್ನೇ ಮರೆತವರನ್ನೂ ನಾನು ಕಂಡಿದ್ದೇನೆ. ದಿನಗಟ್ಟಲೆ ಪ್ಲಾಸ್ಟಿಕ್ಕನ್ನು ಹೊಟ್ಟೆಗೆ ಒತ್ತಿಕೊಂಡಿದ್ದರು, ನೋವಿಲ್ಲ ಅಂತ ಸಂತೋಷವಾಗಿಯೂ ಇದ್ದರು. ಹನಿ ನೋಡುವ ಅಭ್ಯಾಸ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಹೊಸ ಸೂಜಿಗೂ ಹನಿ ಬರದಿದ್ದರೆ ಆ ಪೆನ್ನಿನಲ್ಲಿ ಚುಚ್ಚಿಕೊಳ್ಳಬೇಡಿ, ತಂದು ತೋರಿಸಿ.

ಇಲ್ಲೊಂದು ಎಡವಟ್ಟು ಆಗುತ್ತದೆ. ಕೆಲವರು 10 ತಿರುಗಿಸಿಟ್ಟು, ಅದರಲ್ಲೇ ಎರಡನ್ನು ಗಾಳಿಗೆ ಬಿಟ್ಟು, ಉಳಿದ ಎಂಟನ್ನು ಚುಚ್ಚಿಕೊಳ್ಳುತ್ತಾರೆ. ಹನಿ ನೋಡಿದ ಎರಡು ಯೂನಿಟ್ ಡೋಸಿಗೆ ಸೇರಿದ್ದಲ್ಲ. ಅದನ್ನು ಒತ್ತಿ ಮುಗಿಸಿ, ಕಿಟಕಿಯಲ್ಲಿ ಸೊನ್ನೆ ನೋಡಿ, ಆಮೇಲೆ ಹೊಸದಾಗಿ 10 ತಿರುಗಿಸಬೇಕು.

"ದಿನಾ ನಾಲ್ಕು ಯೂನಿಟ್ ಸುಮ್ನೆ ಚೆಲ್ಲೋದಾ ಸಿಸ್ಟರ್? ರೀಫಿಲ್ಲಿಗೆ ದುಡ್ಡು ಯಾರು ಕೊಡ್ತಾರೆ?" ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಗದದ ಮೇಲೆ ಲೆಕ್ಕ ಹಾಕಿದೆವು. ದಿನಕ್ಕೆ 16 ಮತ್ತು 10, ಒಟ್ಟು 26. ಹನಿ ನೋಡಲು 4 ಸೇರಿಸಿದರೆ 30. 300 ಯೂನಿಟ್‌ನ ರೀಫಿಲ್ ಹತ್ತು ದಿನ ಬರುತ್ತದೆ, ತಿಂಗಳಿಗೆ ಮೂರು. ಹನಿ ನೋಡದಿದ್ದರೆ ಅದೇ ರೀಫಿಲ್ ಹನ್ನೊಂದೂವರೆ ದಿನ. ತಿಂಗಳಿಗೆ 120 ಯೂನಿಟ್ ವ್ಯತ್ಯಾಸ, ಅರ್ಧ ರೀಫಿಲ್‌ಗಿಂತ ಕಡಿಮೆ. ಇದು ಖರ್ಚಲ್ಲ ಅಂತ ನಾನು ಹೇಳುವುದಿಲ್ಲ, ಖರ್ಚೇ. ಆದರೆ ಎಂಟು ತಿಂಗಳಲ್ಲಿ ಅವರ ಡೋಸ್ 20ರಿಂದ 26ಕ್ಕೆ ಏರಿತ್ತು. ಆ ಹೆಚ್ಚುವರಿ ಆರು ಯೂನಿಟ್‌ನಲ್ಲಿ ಎಷ್ಟು ನಿಜಕ್ಕೂ ಮೈಗೆ ಬೇಕಿತ್ತು, ಎಷ್ಟು ಮೇಜಿಗೂ ಗಾಳಿಗೂ ಹೋಯಿತು? ಮಗ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಇನ್ನು ಎರಡನೆಯದು, ಚುಚ್ಚಿದ ಮೇಲಿನ ಎಣಿಕೆ.

ಗುಂಡಿ ಕೆಳಗೆ ತಾಗಿ ಸೊನ್ನೆ ಬಂದ ಮೇಲೂ ಇನ್ಸುಲಿನ್ ಹರಿಯುತ್ತಲೇ ಇರುತ್ತದೆ. ಯಾಕೆ ಅಂತ ತಿಳಿಯಲು ಬಿರಡೆಯನ್ನು ನೆನಪಿಸಿಕೊಳ್ಳಿ. ಅದು ರಬ್ಬರ್. ನೀವು ಒತ್ತಿದಾಗ ಕಡ್ಡಿ ಥಟ್ಟನೆ ಮುಂದೆ ಹೋಯಿತು. ಆದರೆ ಇನ್ಸುಲಿನ್ ಹೊರಗೆ ಹೋಗಬೇಕಾದ ಸೂಜಿಯ ತೂತು ಕೂದಲೆಳೆಯಷ್ಟು. ಅಷ್ಟು ಬೇಗ ಅಷ್ಟೂ ಹೋಗಲಾರದು. ಹಾಗಾಗಿ ರಬ್ಬರ್ ಸ್ವಲ್ಪ ಅಮುಕಿಕೊಳ್ಳುತ್ತದೆ. ಒಳಗೆ ಗುಳ್ಳೆ ಇದ್ದರೆ ಅದು ಇನ್ನೂ ಚೆನ್ನಾಗಿ ಅಮುಕಿಕೊಳ್ಳುತ್ತದೆ, ಗಾಳಿಯ ಗುಣವೇ ಅದು. ಆಮೇಲೆ ಎರಡೂ ನಿಧಾನಕ್ಕೆ ತಮ್ಮ ಮೊದಲಿನ ಗಾತ್ರಕ್ಕೆ ಬರುತ್ತಾ ಉಳಿದ ಇನ್ಸುಲಿನ್ನನ್ನು ಸೂಜಿಯ ಮೂಲಕ ತಳ್ಳುತ್ತವೆ. ಇದಕ್ಕೆ ಕೆಲವು ಸೆಕೆಂಡ್ ಬೇಕು. ಅಷ್ಟರೊಳಗೆ ಸೂಜಿ ಚರ್ಮದಿಂದ ಹೊರಗೆ ಬಂದರೆ ತಳ್ಳಿದ್ದೆಲ್ಲ ಹೊರಗೇ ಬೀಳುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು, ಬೇರೆ ಇನ್ಸುಲಿನ್ ಹಾಳು ಮಾಡಬೇಕಿಲ್ಲ. ಹನಿ ನೋಡುವಾಗ ಎರಡು ಯೂನಿಟ್ ಒತ್ತಿ, ಬೆರಳು ತೆಗೆಯದೆ ತುದಿಯನ್ನೇ ದಿಟ್ಟಿಸಿ. ಸೊನ್ನೆ ಬಂದ ಮೇಲೂ ಹನಿ ದಪ್ಪವಾಗುತ್ತಾ ಹೋಗುವುದು ಕಾಣುತ್ತದೆ. ಎರಡಕ್ಕೇ ಹಾಗಾದರೆ ಹದಿನಾರಕ್ಕೆ ಎಷ್ಟಾಗಬೇಡ?

ಚರ್ಮದ ಒಳಗಿನ ಮಾತೂ ಇದೆ. ಇನ್ಸುಲಿನ್ ಬೀಳುವ ಜಾಗ ಖಾಲಿ ಚೀಲವಲ್ಲ, ತುಂಬಿದ ಕೊಬ್ಬು. ಅದರೊಳಗೆ ದ್ರವ ಜಾಗ ಮಾಡಿಕೊಂಡು ಹರಡಬೇಕು. ತಕ್ಷಣ ಸೂಜಿ ಎಳೆದರೆ ಸೂಜಿ ಮಾಡಿದ ದಾರಿಯಲ್ಲೇ ಒಂದಿಷ್ಟು ವಾಪಸ್ ಬರುತ್ತದೆ. ಚರ್ಮದ ಮೇಲೆ ಒದ್ದೆ ಕಂಡರೆ ಅದು ಇದೇ.

ಎಷ್ಟು ಹೊತ್ತು ಕಾಯಬೇಕು ಅನ್ನುವುದರಲ್ಲಿ ಪೆನ್ನಿನಿಂದ ಪೆನ್ನಿಗೆ ವ್ಯತ್ಯಾಸ ಇದೆ. ಕ್ವಿಕ್‌ಪೆನ್ನಿನ ಚೀಟಿ ಐದು ಎಣಿಸಲು ಹೇಳುತ್ತದೆ, ಫ್ಲೆಕ್ಸ್‌ಪೆನ್ ಆರು ಸೆಕೆಂಡ್, ಸೋಲೋಸ್ಟಾರ್ ಹತ್ತು. ಇದನ್ನೆಲ್ಲ ನೆನಪಿಡುವ ಬದಲು ನಾನು ಎಲ್ಲರಿಗೂ ಹತ್ತು ಅಂತಲೇ ಹೇಳುತ್ತೇನೆ. ಜಾಸ್ತಿ ಹೊತ್ತು ಇಟ್ಟರೆ ನಷ್ಟವೇನಿಲ್ಲ. ಆದರೆ ನಮ್ಮ ಜನ ಹತ್ತು ಎಣಿಸುವ ವೇಗ ನೋಡಬೇಕು, ಬಸ್ಸು ಹೊರಟಿತೇನೋ ಅನ್ನುವ ಹಾಗೆ ಮೂರು ಸೆಕೆಂಡಲ್ಲಿ ಮುಗಿಸುತ್ತಾರೆ. ಅದಕ್ಕೆ "ನೂರಾ ಒಂದು, ನೂರಾ ಎರಡು" ಅಂತ ನೂರಾ ಹತ್ತರವರೆಗೆ ಎಣಿಸಿ ಅನ್ನುತ್ತೇನೆ. ಒಂದೊಂದಕ್ಕೂ ಹತ್ತಿರ ಹತ್ತಿರ ಒಂದು ಸೆಕೆಂಡ್ ಆಗುತ್ತದೆ.

ಎಣಿಕೆ ಶುರುವಾಗುವುದು ಚುಚ್ಚಿದಾಗಲ್ಲ, ಸೊನ್ನೆ ಕಂಡ ಮೇಲೆ. ಎಣಿಸುವಷ್ಟು ಹೊತ್ತೂ ಹೆಬ್ಬೆರಳು ಗುಂಡಿಯ ಮೇಲೆ ಒತ್ತಿಯೇ ಇರಬೇಕು. ಸೂಜಿ ಪೂರ್ತಿ ಹೊರಗೆ ಬಂದ ಮೇಲಷ್ಟೇ ಬೆರಳು ಬಿಡುವುದು. ಮೊದಲೇ ಬಿಟ್ಟರೆ ಒಳಗಿನ ಒತ್ತಡ ಇಳಿದು, ದ್ರವವೋ ರಕ್ತವೋ ಹಿಂದಕ್ಕೆ ರೀಫಿಲ್‌ನೊಳಗೆ ಸೇರಬಹುದು. ಚರ್ಮ ಮಡಿಸಿ ಹಿಡಿದು ಚುಚ್ಚುವವರು ಮಡಿಕೆಯನ್ನೂ ಕೊನೆವರೆಗೆ ಬಿಡಬಾರದು. 4 ಎಂ.ಎಂ. ಸೂಜಿಯಾದರೆ ಹೆಚ್ಚಿನ ದೊಡ್ಡವರಿಗೆ ಮಡಿಸುವುದೇ ಬೇಕಿಲ್ಲ, ನೆಟ್ಟಗೆ ಚುಚ್ಚಿದರೆ ಆಯಿತು. ಹೊರಗೆ ಎಳೆಯುವುದೂ ನೆಟ್ಟಗೇ.

ಸಿರಿಂಜಿನಲ್ಲಿ ಹಾಕಿಕೊಳ್ಳುವವರಿಗೆ ಈ ಹತ್ತರ ಎಣಿಕೆ ಕಡ್ಡಾಯವಲ್ಲ. ಮೊದಲು ಸಿರಿಂಜು ಬಳಸಿ ಆಮೇಲೆ ಪೆನ್ನಿಗೆ ಬಂದವರಲ್ಲಿ ಬೇಗ ಎಳೆಯುವ ಅಭ್ಯಾಸ ಜಾಸ್ತಿ ಇರುವುದು ಇದಕ್ಕೇ ಅಂತ ನನ್ನ ಅನುಮಾನ. ನಮ್ಮ ಅಮ್ಮನ ಕಾರಣ ಬೇರೆ ಇತ್ತು. "ಉರೀತದೆ ಸಿಸ್ಟರ್, ಅದಕ್ಕೇ ತೆಗೆದುಬಿಡ್ತೀನಿ" ಅಂದರು. ಫ್ರಿಜ್‌ನ ತಣ್ಣನೆಯ ಇನ್ಸುಲಿನ್, ಒಂದು ವಾರದಿಂದ ಬಳಸಿ ಮೊಂಡಾದ ಸೂಜಿ, ಉರಿಯದೇ ಇರುತ್ತದೆಯೇ? ಉರಿಗೆ ಹೆದರಿ ಬೇಗ ಎಳೆಯುವುದು, ಎಳೆದದ್ದಕ್ಕೆ ಡೋಸ್ ಸಾಲದೆ ಹೋಗುವುದು, ಸಾಲದ್ದಕ್ಕೆ ಡೋಸ್ ಹೆಚ್ಚಿಸುವುದು. ಪ್ರತಿ ಸಲವೂ ಹೊಸ ಸೂಜಿ ಅನ್ನುವುದು ನಿಯಮ. ಎಲ್ಲರ ಕೈಲೂ ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಅದೇ ಸೂಜಿ ಮತ್ತೆ ಬಳಸಿದರೂ ಹನಿ ನೋಡುವುದನ್ನು ಬಿಡುವ ಹಾಗಿಲ್ಲ, ಆಗಲೇ ಅದು ಜಾಸ್ತಿ ಬೇಕು.

ಎಣಿಸಿ ತೆಗೆದ ಮೇಲೂ ತುದಿಯಲ್ಲಿ ಚೂರು ತೇವ ಕಂಡರೆ ಗಾಬರಿ ಬೇಡ. ಹನಿ ತೊಟ್ಟಿಕ್ಕಿದರೆ ಮಾತ್ರ ಏನೋ ತಪ್ಪಿದೆ: ಎಣಿಕೆ ಬೇಗ ಮುಗಿಯಿತು, ಇಲ್ಲವೇ ಒಳಗೆ ಗುಳ್ಳೆ ಇದೆ. ಆಗ "ಎರಡು ಯೂನಿಟ್ ಹೋಗಿರಬೇಕು" ಅಂತ ಅಂದಾಜಿನ ಮೇಲೆ ಮತ್ತೆ ಚುಚ್ಚಿಕೊಳ್ಳಬಾರದು. ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ, ತಪ್ಪಿ ಜಾಸ್ತಿಯಾದರೆ ಶುಗರ್ ತೀರಾ ಕೆಳಗೆ ಹೋಗುತ್ತದೆ. ಬರೆದಿಟ್ಟುಕೊಳ್ಳಿ, ಮಾಮೂಲಿಗಿಂತ ಒಂದು ಸಲ ಹೆಚ್ಚು ಶುಗರ್ ನೋಡಿಕೊಳ್ಳಿ. ಕಿಟಕಿ ಸೊನ್ನೆಗೆ ಬರದೆ, ಉದಾಹರಣೆಗೆ 4ರಲ್ಲಿ ನಿಂತರೆ ಅದು ಬೇರೆ ವಿಷಯ. ಒಂದೋ ಗುಂಡಿ ಪೂರ್ತಿ ಒತ್ತಿಲ್ಲ, ಅಥವಾ ಸೂಜಿ ಕಟ್ಟಿದೆ, ಅಥವಾ ರೀಫಿಲ್ ಮುಗಿದಿದೆ. ಮುಗಿದಿದ್ದರೆ ಆ 4 ಇನ್ನೂ ಹೋಗಿಲ್ಲ ಅಂತ ಪೆನ್ನೇ ಹೇಳುತ್ತಿದೆ.

ಅಮ್ಮ ಎರಡು ಸಲ ಅಭ್ಯಾಸ ಮಾಡಿದರು. ಎರಡನೆಯ ಸಲ ಮೆತ್ತೆಯಿಂದ ಸೂಜಿ ಹೊರಗೆ ಬಂದಾಗ ಮೇಜು ಒಣಗಿಯೇ ಇತ್ತು. ಅವರು ಎದ್ದು ಹೊರಡುವುದರಲ್ಲಿದ್ದರು. ನಾನು ಕೂರಿಸಿದೆ, ಯಾಕಂದ್ರೆ ಅಪಾಯ ಇರುವುದು ಇಲ್ಲಿಂದ ಮುಂದೆ.

ಅವರ 16 ಮತ್ತು 10 ಅನ್ನುವ ಅಂಕಿಗಳು ಬಂದದ್ದು ಸೋರಿಕೆಯ ಕಾಲದಲ್ಲಿ. ಡಾಕ್ಟರು ಶುಗರ್ ನೋಡಿ ಹೆಚ್ಚಿಸುತ್ತಾ ಹೋದರು, ಅರ್ಧಂಬರ್ಧ ಮೈಗೆ ಸೇರುತ್ತಿತ್ತು. ಇವತ್ತು ರಾತ್ರಿಯಿಂದ ಹತ್ತು ಅಂದರೆ ಹತ್ತೂ ಒಳಗೆ ಹೋಗುತ್ತದೆ. ರಾತ್ರಿ ಮೂರು ಗಂಟೆಗೆ ಬೆವರು, ಕೈನಡುಕ, ತಲೆಸುತ್ತು ಬಂದರೆ ಅಮ್ಮ ಅದನ್ನು ವಯಸ್ಸಿನ ಸುಸ್ತು ಅಂದುಕೊಂಡು ಮಲಗಿಬಿಡುತ್ತಾರೆ. ಹಾಗಾಗಿ ಚುಚ್ಚುವ ವಿಧಾನ ಸರಿಮಾಡಿಕೊಂಡವರು ಅದನ್ನು ಅದೇ ದಿನ ಡಾಕ್ಟರಿಗೆ ಹೇಳಬೇಕು. ಹನಿ ನೋಡುತ್ತಿರಲಿಲ್ಲ, ಬೇಗ ಎಳೆಯುತ್ತಿದ್ದೆ ಅಂತ ಹೇಳಲು ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡರೆ ಹಳೆಯ ಡೋಸೇ ಮುಂದುವರಿಯುತ್ತದೆ.

ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಾತ್ರಿಯದನ್ನು 8ಕ್ಕೆ, ಬೆಳಗ್ಗೆಯದನ್ನು 14ಕ್ಕೆ ಇಳಿಸಿದರು. ಇದು ಆ ಅಮ್ಮನ ಲೆಕ್ಕ, ನಿಮ್ಮದಕ್ಕೆ ನಿಮ್ಮ ಡಾಕ್ಟರೇ ಬೇಕು. ಒಂದು ವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ರಾತ್ರಿ ಊಟಕ್ಕೆ ಮೊದಲು, ಎರಡು ರಾತ್ರಿ ಮೂರು ಗಂಟೆಗೂ ಶುಗರ್ ನೋಡಿ ಬರೆಯಲು ಹೇಳಿದರು. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು.

ವಾರದ ಮೇಲೆ ಮಗ ಒಬ್ಬರೇ ಪುಸ್ತಕ ಹಿಡಿದು ಬಂದರು. ಬೆಳಗಿನ ಅಂಕಿಗಳು 130ರಿಂದ 160ರ ಒಳಗೆ ಇದ್ದವು. ಒಂದು ದಿನ ಮಾತ್ರ 198, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಮದುವೆ ಮನೆ, ಹೋಳಿಗೆ."